ಅಂಗೈಗೆ ಕವಚವಿಲ್ಲ

ಓದುಗರಿಗೆಲ್ಲ ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ನಾನು ಬರೆಯುವವನಲ್ಲ, ಬೆಸುಗೆ ಹಾಕುವವನು. ಕಡೂರಿನಲ್ಲಿ ಗೇಟು, ಕಿಟಕಿ ಗ್ರಿಲ್ಲು ಮಾಡುವ ಸಣ್ಣದೊಂದು ಶೆಡ್ಡು ಇಟ್ಟುಕೊಂಡಿದ್ದೇನೆ. ಮಗಳು ಹೊಸದು ಕೊಂಡ ಮೇಲೆ ನನ್ನ ಪಾಲಿಗೆ ಬಂದ ಹಳೆಯ ಲ್ಯಾಪ್‌ಟಾಪಿನಲ್ಲಿ ಒಂದೇ ಬೆರಳಿಂದ ಕುಟ್ಟುತ್ತಿದ್ದೇನೆ. ಒತ್ತಕ್ಷರ ಎಲ್ಲಿ ಅಡಗಿದೆ ಎಂದು ಹುಡುಕುವಷ್ಟರಲ್ಲಿ ಹೇಳಬೇಕೆಂದಿದ್ದ ಮಾತು ಜಾರಿಹೋಗಿರುತ್ತದೆ. ತಪ್ಪುಗಳಿದ್ದರೆ ದೊಡ್ಡ ಮನಸ್ಸು ಮಾಡಿ ತಿದ್ದಿಕೊಂಡು ಓದಿ.

ಇವತ್ತು ಬೆಳಿಗ್ಗೆ ಅಡುಗೆಮನೆಯಿಂದ ಗರಗರ ಸದ್ದು ಬಂತು. ಹೋಗಿ ನೋಡಿದರೆ ನನ್ನ ಹೆಂಡತಿ ಶಾರದ, ದೋಸೆ ಕಾವಲಿಯನ್ನು ಕಬ್ಬಿಣದ ಬಳೆಗಳ ಒಂದು ತುಂಡಿನಿಂದ ಉಜ್ಜುತ್ತಿದ್ದಳು. ಸಣ್ಣ ಸಣ್ಣ ಉಂಗುರಗಳನ್ನು ಒಂದರೊಳಗೊಂದು ಪೋಣಿಸಿ ನಾನೇ ಹೆಣೆದ ಬಲೆ ಅದು.

"ಇದನ್ನ ಎಲ್ಲಿಂದ ತಂದೆ?" ಅಂದೆ.

"ಶೆಡ್ಡಲ್ಲಿ ಮೂಲೇಲಿ ಬಿದ್ದಿತ್ತು. ಎಷ್ಟ್ ಚೆನ್ನಾಗ್ ಉಜ್ತದೆ ನೋಡ್ರೀ. ನೀವು ಮಾಡಿದ್ರಲ್ಲಿ ಇದೊಂದ್ ಉಪಯೋಗಕ್ಕೆ ಬಂತು" ಅಂದಳು.

ಅವಳು ಚುಚ್ಚಬೇಕೆಂದು ಹೇಳಿದ್ದಲ್ಲ. ಆದರೂ ಚುಚ್ಚಿತು. ಸಂದಿಯೇ ಇಲ್ಲದ ಕಡೆ ಚುಚ್ಚುವುದು ಹೇಗೆ ಎಂಬ ವಿದ್ಯೆಯ ಬಗ್ಗೆಯೇ ಈ ಬರಹ.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ತಲೆಗೂದಲು ನರೆಯಲು ಶುರುವಾದ ಮೇಲೆ ಹತ್ತನೇ ಕ್ಲಾಸು ಕಟ್ಟಿ ಪಾಸು ಮಾಡಿದೆ. ಆ ರುಚಿ ಹತ್ತಿ ಪಿಯುಸಿ ಮಾಡಿದೆ, ಆಮೇಲೆ ಅಂಚೆ ಮೂಲಕ ಬಿ.ಎ.ಗೂ ಸೇರಿದೆ. ಭಾನುವಾರದ ತರಗತಿಗೆ ತರೀಕೆರೆಗೆ ಹೋಗಬೇಕಿತ್ತು. ನನ್ನ ಮಗಳ ವಯಸ್ಸಿನ ಮೇಡಂ ನನ್ನನ್ನು "ಸಾರ್" ಅನ್ನುತ್ತಿದ್ದರು. ನಾನೂ ಅವರನ್ನು "ಮೇಡಂ" ಅನ್ನುತ್ತಿದ್ದೆ. ಇಬ್ಬರಿಗೂ ಮುಜುಗರ. ಅವರ ಚರಿತ್ರೆಯ ಪಾಠದಲ್ಲಿ ಯುರೋಪಿನ ಮಧ್ಯಯುಗ ಬಂತು. ಕುದುರೆ ಸವಾರರು, ಕೋಟೆಗಳು, ಕೊನೆಗೆ ಕವಚಗಳು. ಬೇರೆಯವರಿಗೆ ಅದು ಎರಡು ಪುಟದ ಪಾಠ. ನನಗೆ ಮಾತ್ರ ಹುಚ್ಚು ಹಿಡಿಯಿತು. ತಗಡು ಬಗ್ಗಿಸುವವನಿಗೆ ತಗಡಿನ ಮನುಷ್ಯರು ಕಂಡರೆ ಸುಮ್ಮನಿರಲು ಆಗುತ್ತದೆಯೇ?

ನಮ್ಮಲ್ಲಿ ಎಲ್ಲಕ್ಕೂ ಕವಚ ಅನ್ನುವುದೊಂದೇ ಮಾತು. ಅಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು ಬಳೆಗಳದ್ದು. ತಂತಿಯನ್ನು ಸರಳಿಗೆ ಸುತ್ತಿ ಸ್ಪ್ರಿಂಗು ಮಾಡಿ, ಅದನ್ನು ಕತ್ತರಿಸಿದರೆ ಉಂಗುರ. ಒಂದು ಉಂಗುರದೊಳಗೆ ನಾಲ್ಕು ಉಂಗುರ ಸೇರಿಸುತ್ತ ಹೋದರೆ ಬಟ್ಟೆಯ ಹಾಗೆ ಬಳುಕುವ ಅಂಗಿ. ಇದನ್ನು ಇಂಗ್ಲಿಷಿನಲ್ಲಿ ಮೇಲ್ ಅನ್ನುತ್ತಾರೆ. ನಾನು ಊಟ ಮಾಡುವಾಗ, ಗ್ರಿಲ್ಲಿಗೆ ಅಳತೆ ತೆಗೆಯುವಾಗ ಇದೇ ಮಾತಾಡುತ್ತಿದ್ದೆ. "ಮೇಲ್ ಬಹಳ ಗಟ್ಟಿ" ಅಂದರೆ ಗಿರಾಕಿಯೊಬ್ಬರು, "ಹೌದಾ, ನಂದು ಪಾಸ್‌ವರ್ಡೇ ಮರ್ತೋಗಿದೆ ಕಣ್ರೀ" ಅಂದಿದ್ದರು.

ಇನ್ನೊಂದು ತಗಡಿನದ್ದು. ಉಕ್ಕಿನ ತಗಡನ್ನು ಮೈಯ ಆಕಾರಕ್ಕೆ ಬಡಿದು, ಎದೆಗೊಂದು, ತೋಳಿಗೊಂದು, ಮೊಣಕಾಲಿಗೊಂದು ಎಂದು ಮಾಡಿ, ತೊಗಲಿನ ಪಟ್ಟಿಯಿಂದ ಬಿಗಿಯುವುದು. ಬಳೆಯ ಅಂಗಿಯ ಭಾರವೆಲ್ಲ ಹೆಗಲ ಮೇಲೇ ಜೋತುಬೀಳುತ್ತದೆ. ಸೊಂಟಕ್ಕೆ ಪಟ್ಟಿ ಕಟ್ಟಿದರೆ ಸ್ವಲ್ಪ ಹಗುರ. ತಗಡಿನದ್ದರಲ್ಲಿ ಭಾರ ಮೈಯೆಲ್ಲ ಹಂಚಿಕೊಳ್ಳುತ್ತದೆ, ಚೆನ್ನಾಗಿ ಹೊಂದಿಸಿದ್ದರೆ ಓಡಬಹುದು, ಬಿದ್ದರೆ ಏಳಬಹುದು.

ಆದರೆ ನನ್ನನ್ನು ಹಿಡಿದು ಕೂರಿಸಿದ್ದು ಕವಚವಲ್ಲ, ಅದನ್ನು ಸೋಲಿಸಲು ಹುಟ್ಟಿದ ಆಯುಧಗಳು. ಬಳೆಯ ಅಂಗಿಯ ಮೇಲೆ ಕತ್ತಿ ಬೀಸಿ ಎಳೆದರೆ ಏನೂ ಆಗುವುದಿಲ್ಲ. ಅಲಗು ಒಂದೇ ಸಲಕ್ಕೆ ಎಷ್ಟೋ ಬಳೆಗಳ ಮೇಲೆ ಕೂರುತ್ತದೆ, ಯಾವುದನ್ನೂ ಕೊಯ್ಯುವುದಿಲ್ಲ. ಅದೇ ಜಾಗಕ್ಕೆ ಸಣ್ಣಗೆ ಉದ್ದಕ್ಕಿರುವ ಮೊನೆಯ ಬಾಣ ಬಿಟ್ಟರೆ, ಆ ಮೊನೆ ಒಂದೇ ಒಂದು ಬಳೆಯೊಳಗೆ ಹೊಕ್ಕು ಅದನ್ನು ಒಳಗಿಂದ ಹಿಗ್ಗಿಸಿ ಒಡೆಯುತ್ತದೆ. ಗದೆಯಿಂದ ಬಡಿದರೆ ಬಳೆ ಒಡೆಯುವುದಿಲ್ಲ, ಬಳುಕುತ್ತದೆ, ಒಳಗಿನ ಮೂಳೆ ಮುರಿಯುತ್ತದೆ. ಅದಕ್ಕೇ ಅವರು ಕೆಳಗೆ ಹತ್ತಿ ತುಂಬಿ ಹೊಲಿದ ದಪ್ಪ ಅಂಗಿ ಹಾಕುತ್ತಿದ್ದರು.

ಈ ದಪ್ಪ ಅಂಗಿಯ ವಿಚಾರ ಓದಿದಾಗ ನನಗೆ ನಗು ಬಂದಿತ್ತು. ಚಿಕ್ಕಂದಿನಲ್ಲಿ ಅಜ್ಜಂಪುರದ ನಮ್ಮ ಮನೆಯಲ್ಲಿ ಅವ್ವ ಹೊಲಿದ ಕೌದಿ ಇತ್ತು. ಹಳೆ ಸೀರೆ, ಹಳೆ ಪಂಚೆ, ಪದರದ ಮೇಲೆ ಪದರ. ನನ್ನ ಅಕ್ಕ ಗೌರಕ್ಕ ನನ್ನನ್ನು ಹೊಡೆಯಲು ಹುಣಸೆ ಬರಲು ಹಿಡಿದು ಬಂದರೆ ನಾನು ಆ ಕೌದಿ ಸುತ್ತಿಕೊಂಡು ಮೂಲೆಗೆ ಕೂತುಬಿಡುತ್ತಿದ್ದೆ. ಅವಳು ಬಾರಿಸಿದಷ್ಟೂ ಧೂಳು ಏಳುತ್ತಿತ್ತು, ನನಗೇನೂ ತಾಗುತ್ತಿರಲಿಲ್ಲ. ಒಳಗಿಂದ ಕೋಳಿಯ ಹಾಗೆ ಕೂಗಿ ಅಣಕಿಸುತ್ತಿದ್ದೆ. ಒಂದು ದಿನ ಅವಳು ಬೀಸುವುದನ್ನು ನಿಲ್ಲಿಸಿ ಬರಲಿನ ತುದಿಯಿಂದ ತಿವಿದಳು. ಪಕ್ಕೆಗೆ ನೇರವಾಗಿ ಬಂತು. ಯುರೋಪಿನವರು ತಲೆತಲಾಂತರ ಯುದ್ಧ ಮಾಡಿ ಕಲಿತದ್ದನ್ನು ನನ್ನ ಅಕ್ಕ ಒಂದು ಮಧ್ಯಾಹ್ನದಲ್ಲಿ ಕಂಡುಹಿಡಿದಿದ್ದಳು.

ಅದೇ ಗೌರಕ್ಕನ ಮಗ ಸಿದ್ದೇಶ. ಈಗ ಅಜ್ಜಂಪುರದ ಹೊರಗಿನ ಒಂದು ಮಂಡಿಯಲ್ಲಿ ತೆಂಗಿನಕಾಯಿ ಸುಲಿಯುತ್ತಾನೆ. ನೋಡದವರಿಗೆ ಹೇಳುತ್ತೇನೆ. ನೆಲಕ್ಕೆ ಕಬ್ಬಿಣದ ಗೂಟ ನೆಟ್ಟಿರುತ್ತಾರೆ, ಅದರ ತುದಿ ಚೂಪಾಗಿ ಮೇಲಕ್ಕೆ ನೋಡುತ್ತಿರುತ್ತದೆ. ಎರಡು ಕೈಯಲ್ಲಿ ಕಾಯಿ ಹಿಡಿದು ಆ ಮೊನೆಯ ಮೇಲೆ ಕುಕ್ಕಿ, ಪಕ್ಕಕ್ಕೆ ತಿರುಚಿದರೆ ಸಿಪ್ಪೆ ಸೀಳಿಕೊಂಡು ಬರುತ್ತದೆ. ತಿರುಗಿಸಿ ಮತ್ತೆ ಕುಕ್ಕಬೇಕು. ಗೊತ್ತಿದ್ದವರು ಮಾಡಿದರೆ ಕಾಯಿ ತಾನೇ ಅಂಗಿ ಬಿಚ್ಚಿದ ಹಾಗೆ ಕಾಣುತ್ತದೆ. ಒಣಗಿದ ಸಿಪ್ಪೆ ಕೈಕೊಟ್ಟರೆ ಅಥವಾ ಮೊನೆ ಚಿಪ್ಪಿನ ಪಕ್ಕಕ್ಕೆ ಜಾರಿದರೆ ಮೊನೆಗೆ ಎದುರಾಗುವುದು ಅಂಗೈ.

ಸಿದ್ದುಗೆ ಹಾಗೇ ಆಗಿತ್ತು. ಎಡಗೈ ಹೆಬ್ಬೆರಳಿನ ಬುಡಕ್ಕೆ ಹೊಕ್ಕಿತ್ತು. ತರೀಕೆರೆಗೆ ಕರೆದುಕೊಂಡು ಹೋಗಿ ಹೊಲಿಗೆ ಹಾಕಿಸಿದೆವು. ಡಾಕ್ಟರು ಗಾಯ ನೋಡುತ್ತ, "ನರಕ್ಕೆ ಕೂದಲೆಳೆಯಷ್ಟು ಪಕ್ಕದಲ್ಲಿ ಹೋಗಿದೆ. ಅದೇ ಜಾಗಕ್ಕೆ ಇನ್ನೊಂದು ಸಲ ಆದ್ರೆ ಹೆಬ್ಬೆಟ್ಟು ಮಡಚಕ್ಕಾಗಲ್ಲ" ಅಂದರು. ಹೆಬ್ಬೆರಳು ಮಡಚದಿದ್ದರೆ ಕಾಯಿ ಹಿಡಿಯಲಾಗುವುದಿಲ್ಲ. ಕಾಯಿ ಬಿಟ್ಟು ಬೇರೆ ಕೆಲಸ ಅವನಿಗೆ ಬರುವುದಿಲ್ಲ. ಆಗತಾನೇ ಮದುವೆಯಾಗಿದ್ದ ಹುಡುಗ.

ಗೌರಕ್ಕ ಆಸ್ಪತ್ರೆಯ ಮೆಟ್ಟಿಲ ಮೇಲೆ ನನ್ನ ತೋಳು ಹಿಡಿದುಕೊಂಡು, "ಪರಮೇಶ, ಮಠಕ್ಕೆ ಹೋಗಿ ಹುಡ್ಗನ ಕೈಗೊಂದು ರಕ್ಷೆ ಕಟ್ಟಿಸ್ಕೊಂಡ್ ಬಾರೋ" ಅಂದಳು.

ಸುಮ್ಮನೆ "ಆಯ್ತಕ್ಕ" ಅನ್ನಬಹುದಿತ್ತು. ಒಂದು ದಾರ, ಒಂದು ಗಂಟು, ಒಂದು ನಮಸ್ಕಾರದಲ್ಲಿ ಮುಗಿಯುತ್ತಿತ್ತು. ಆದರೆ ನಾನು ಓದಿದವನಾಗಿಬಿಟ್ಟಿದ್ದೆನಲ್ಲ.

"ದಾರ ಏನ್ ತಡಿತದಕ್ಕ? ನಾನೇ ನಿಜವಾದ ಕವಚ ಮಾಡ್ಕೊಡ್ತೀನಿ" ಅಂದೆ.

ಅವಳು ನನ್ನ ಮುಖ ನೋಡಿದಳು. ಅವಳ ಕಣ್ಣಿನಲ್ಲಿ ನನಗೆ ಅಷ್ಟು ಮರ್ಯಾದೆ ಅದಕ್ಕೆ ಮುಂಚೆ ನಾನು ಕಂಡಿರಲಿಲ್ಲ. ಆ ನೋಟ ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಶೆಡ್ಡಿನಲ್ಲಿ ಕೆಲಸ ಶುರುವಾಯಿತು. ತಂತಿ ಸುತ್ತಿದೆ, ಕತ್ತರಿಸಿದೆ, ಇಕ್ಕಳದಲ್ಲಿ ಒಂದೊಂದೇ ಬಳೆ ಮುಚ್ಚಿದೆ. ಹಳೆಯ ಕಾಲದ ಕಮ್ಮಾರರು ಪ್ರತಿ ಬಳೆಯ ಎರಡು ತುದಿಯನ್ನೂ ಚಪ್ಪಟೆ ಮಾಡಿ, ಒಂದರ ಮೇಲೊಂದು ತಂದು, ತೂತು ಹಾಕಿ ಪುಟಾಣಿ ರಿವೆಟ್ಟು ಜಡಿಯುತ್ತಿದ್ದರು. ಅದು ನನಗೆ ಗೊತ್ತಿತ್ತು. ಆದರೆ ಅಷ್ಟು ಸಣ್ಣದಕ್ಕೆ ತೂತು ಹಾಕುವ ತಾಳ್ಮೆ ನನಗಿರಲಿಲ್ಲ. ಬೆಸುಗೆ ಹಾಕಲು ಹೋದರೆ ಬಳೆಯೇ ಕರಗಿ ಹನಿಯಾಗಿ ಬೀಳುತ್ತಿತ್ತು. ಕೊನೆಗೆ ತುದಿಗೆ ತುದಿ ತಾಗಿಸಿ ಬಿಟ್ಟುಬಿಟ್ಟೆ. ನೋಡಲು ಒಂದೇ ತರ ಕಾಣುತ್ತಿತ್ತು. ಕೈಗವಸಿನ ಆಕಾರ ಬಂದ ಮೇಲೆ ಕಾಯಿಯ ಮೇಲೆ ಹೊದಿಸಿ ಶಾರದಳ ಎದುರಿಗೆ ಮಚ್ಚಿನಿಂದ ಎಳೆದೆ. ಕುಡುಗೋಲಿನಿಂದ ಎಳೆದೆ. ಅಡುಗೆಮನೆಯ ಚಾಕುವಿನಿಂದ ಕೊಯ್ದೆ. ಕಾಯಿಗೆ ಗೀರೂ ಬೀಳಲಿಲ್ಲ.

"ನೋಡ್ದಾ?" ಅಂದೆ.

"ಚಾಕು ಮೊಂಡಾಯ್ತು" ಅಂದಳು ಶಾರದ.

ಓದುಗರೇ, ನೀವು ಜಾಣರು, ಆಗಲೇ ಹಿಡಿದಿರುತ್ತೀರಿ. ನನಗೆ ಹೊಳೆಯಲಿಲ್ಲ. ಸಿದ್ದುಗೆ ಆದದ್ದು ತಿವಿದ ಗಾಯ. ನಾನು ಪರೀಕ್ಷೆ ಮಾಡಿದ್ದೆಲ್ಲ ಕೊಯ್ಯುವ ಹತಾರದಿಂದ. ನೆಲದಲ್ಲಿ ನೆಟ್ಟ ಆ ಗೂಟ, ಬಳೆಯ ಅಂಗಿಯನ್ನು ಸೋಲಿಸಲೆಂದೇ ಮಾಡಿದ ಬಾಣದ ಮೊನೆಗೆ ಅಣ್ಣನಾಗಬೇಕು. ಬಳೆಗೆ ಮೊನೆಯೇ ಶತ್ರು ಎಂದು ಪರೀಕ್ಷೆಯಲ್ಲಿ ಬರೆದು ಒಳ್ಳೆ ಅಂಕ ತೆಗೆದುಕೊಂಡಿದ್ದವನೂ ನಾನೇ. ಬರೆದದ್ದು ಉತ್ತರ ಪತ್ರಿಕೆಯ ಜೊತೆಗೇ ಹೋಗಿಬಿಟ್ಟಿತ್ತು.

ಗಾಯ ಮಾಗಿ ಸಿದ್ದು ಕೆಲಸಕ್ಕೆ ಮರಳುವ ದಿನ ನಾನು ಕೈಗವಸು ತೆಗೆದುಕೊಂಡು ಮಂಡಿಗೆ ಹೋದೆ. ಗೌರಕ್ಕನೂ ಬಂದಿದ್ದಳು. ಸುಲಿಯುವವರೆಲ್ಲ ಕೆಲಸ ಬಿಟ್ಟು ಸುತ್ತ ನಿಂತರು. ಅವರಲ್ಲಿ ಹಿರಿಯ ಕರಿಯಪ್ಪ, ಬಾಯಿ ತುಂಬ ಎಲೆಅಡಿಕೆ, ಮಾತು ತುಂಬ ಕೀಟಲೆ. ನಾನು ಸಣ್ಣ ಭಾಷಣವನ್ನೇ ಮಾಡಿದೆ. ಕತ್ತಿ ಹೇಗೆ ಸೋಲುತ್ತದೆ, ಕುದುರೆ ಸವಾರರು ಹೇಗೆ ಬದುಕಿದರು ಎಂದೆಲ್ಲ.

ಕರಿಯಪ್ಪ ಕೇಳಿದ, "ಅವ್ರೂ ಕಾಯಿ ಸುಲಿತಿದ್ರಾ ಮೇಷ್ಟ್ರೇ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಸಿದ್ದು ಕೈ ಚಾಚಿದ. ಆಗ ಗೌರಕ್ಕ ಅಡ್ಡ ಬಂದಳು.

"ತಡಿ. ಲೇ ಪರಮೇಶ, ಮೊದ್ಲು ನೀನ್ ಹಾಕ್ಕಂಡು ಒಂದ್ ಕಾಯಿ ಸುಲಿ ನೋಡನ."

"ಅಕ್ಕ, ನಂಗೆ ಸುಲಿಯಕ್ಕೆ ಎಲ್ಲಿ ಬತ್ತದೆ?"

"ಬರ್ದೆ ಇರೋರ್ಗೆ ತಾನೆ ಕವಚ ಬೇಕಾಗದು? ಹಾಕ್ಕ."

ಹಾಕಿಕೊಂಡೆ. ಕಾಯಿ ಎತ್ತಿ ಕುಕ್ಕಿದೆ. ಮೊದಲನೆಯದು ಸರಿಯಾಗಿ ಕೂತಿತು. ನಾನು ಎಲ್ಲರ ಮುಖ ನೋಡಿದೆ. ಕುಕ್ಕುವವನು ನೋಡಬೇಕಾದ್ದು ಕಾಯಿಯನ್ನು. ಎರಡನೇ ಸಲಕ್ಕೆ ಕಾಯಿ ಉರುಳಿಕೊಂಡಿತು, ಅಂಗೈ ಮೊನೆಯ ಮೇಲೆ ಇಳಿಯಿತು. ಟಿಕ್ ಎಂದು ಒಂದು ಸಣ್ಣ ಸದ್ದು. ತುದಿ ತಾಗಿಸಿ ಬಿಟ್ಟ ಬಳೆ ಬಾಯಿ ತೆರೆದುಕೊಂಡ ಸದ್ದು ಅದು. ರಿವೆಟ್ಟು ಹಾಕಿದ್ದರೂ ಪೂರ್ತಿ ತಡೆಯುತ್ತಿತ್ತು ಎಂದು ಹೇಳಲಾರೆ, ಇಷ್ಟು ಸುಲಭಕ್ಕೆ ಬಿಡುತ್ತಿರಲಿಲ್ಲ. ಆಳಕ್ಕೆ ಹೋಗಲಿಲ್ಲ, ನಾನು ಹೆದರಿ ಕುಕ್ಕಿದ್ದರಿಂದ ಉಳಿದೆ. ರಕ್ತ ಬಳೆಗಳ ಸಂದಿಯಲ್ಲಿ ಇಳಿದು ಇಷ್ಟಿಷ್ಟೇ ಹರಡಿತು.

ಯಾರೂ ನಗಲಿಲ್ಲ. ಅದೇ ಕಷ್ಟವಾದದ್ದು. ಗೌರಕ್ಕ ತನ್ನ ಸೆರಗು ಹರಿದು ಕಟ್ಟಿದಳು. ಕಟ್ಟುತ್ತ ಮೆತ್ತಗೆ, "ನನ್ ಮಗಂಗೆ ಹಾಕ್ತಿದ್ಯಲ್ಲೋ ಇದನ್ನ" ಅಂದಳು. ಬೈಯಲಿಲ್ಲ. ಆಮೇಲೆ ಇಂಜೆಕ್ಷನ್ನಿಗೆ ಕರೆದುಕೊಂಡು ಹೋಗುವಾಗ ಸಿದ್ದು ನನ್ನ ಚಪ್ಪಲಿ ಹುಡುಕಿಕೊಟ್ಟ. ಅವನ ಹೊಲಿಗೆಯ ಕಲೆ ಕಾಣುತ್ತಿತ್ತು.

ಇಷ್ಟಾದ ಮೇಲೆ ಬುದ್ಧಿಯಿದ್ದವನು ನಿಲ್ಲಿಸುತ್ತಾನೆ. ನಾಚಿಕೆಯಾದವನು ನಿಲ್ಲಿಸುವುದಿಲ್ಲ. ನಾಚಿಕೆ ಮುಚ್ಚಿಕೊಳ್ಳಲು ಇನ್ನೊಂದು ಮಾಡುತ್ತಾನೆ.

ಮತ್ತೆ ಪುಸ್ತಕ ತೆಗೆದೆ. ಮೊನೆಗೆ ಉತ್ತರ ತಗಡು. ಉಬ್ಬಿಸಿ ಬಡಿದ ಉಕ್ಕಿನ ಮೇಲೆ ಬಾಣ ಬಿದ್ದರೆ ಸಾಮಾನ್ಯವಾಗಿ ಪಕ್ಕಕ್ಕೆ ಜಾರಿ ಹಾರುತ್ತದೆ. ಕತ್ತಿಯ ಅಲಗಂತೂ ಅಲ್ಲಿ ದಂಡ. ಅದಕ್ಕೇ ತಗಡು ಬಂದ ಮೇಲೆ ಕತ್ತಿಗಳು ಸಣಕಲಾದವು, ಬಿರುಸಾದವು, ತುದಿ ಚೂಪಾಯಿತು. ಒಂದು ಕೈಯಲ್ಲಿ ಕತ್ತಿಯ ಹಿಡಿ, ಇನ್ನೊಂದು ಕೈಯಲ್ಲಿ ಅಲಗಿನ ನಡುವನ್ನೇ ಹಿಡಿದು, ಭರ್ಚಿಯ ಹಾಗೆ ಕಂಕುಳಿಗೋ ಮೊಣಕೈ ಮಡಿಕೆಗೋ ತಿವಿಯುತ್ತಿದ್ದರು. ಗದೆಗೆ ಏಣುಗಳು, ಅಂದರೆ ಎದ್ದು ನಿಂತ ಅಂಚುಗಳು ಬಂದವು, ಹೊಡೆತವೆಲ್ಲ ಒಂದು ಗೆರೆಗೆ ಕೂಡಲಿ ಎಂದು. ಸುತ್ತಿಗೆಯ ಹಿಂಬದಿಗೆ ಗಿಳಿಯ ಕೊಕ್ಕಿನಂಥ ಮೊನೆ ಬಂತು. ಸುತ್ತಿಗೆಯಿಂದ ತಲೆ ಧಿಮ್ಮೆನ್ನಿಸಿ, ಕೊಕ್ಕಿನಿಂದ ತಗಡಿಗೆ ಕಚ್ಚುವುದು. ಕೆಳಗೆ ಬಿದ್ದವನ ಮುಖದ ಕಿಂಡಿಗೆ ದಪ್ಪ ಬೆನ್ನಿನ ಸಣ್ಣ ಬಾಕು.

ಇದನ್ನೆಲ್ಲ ಓದುತ್ತ ಕೂತಾಗ ಎದುರಿಗೆ ಒಂದು ತೆಂಗಿನಕಾಯಿ ಇತ್ತು. ಹೊರಗೆ ನಾರಿನ ದಪ್ಪ ಅಂಗಿ, ಒಳಗೆ ಗಟ್ಟಿ ಚಿಪ್ಪು. ಬಡಿದರೆ ನಾರು ತಡೆಯುತ್ತದೆ, ಕೊಯ್ದರೂ ತಡೆಯುತ್ತದೆ. ಚಿಪ್ಪಿನಲ್ಲಿ ಮೂರು ಕಣ್ಣು, ಅದರಲ್ಲಿ ಒಂದು ಮೆತ್ತಗೆ, ಮುಖದ ಕಿಂಡಿಯ ಹಾಗೆ. ಇಂಥ ಪೂರ್ತಿ ಕವಚಧಾರಿಗಳನ್ನು ದಿನವಿಡೀ ಸೀಳಲೆಂದು ಮಾಡಿದ್ದು ಮಂಡಿಯ ಆ ಗೂಟ. ಅದರೆದುರು ಗೇಟು ಮಾಡುವವನ ತಂತಿ ಎಷ್ಟರದ್ದು? ಈ ಹೋಲಿಕೆ ಹೊಳೆದಾಗ ನನಗೆ ಎಷ್ಟು ಖುಷಿಯಾಯಿತೆಂದರೆ ಮತ್ತೆ ಕಣ್ಣು ಮುಚ್ಚಿಹೋಯಿತು.

ತಗಡಿನ ಕೈಗವಸು ಮಾಡಿದೆ. ಮರದ ಕೊರಡಿನಲ್ಲಿ ಗುಳಿ ತೋಡಿ, ಅದರೊಳಗಿಟ್ಟು ಬಡಿದು, ಅಂಗೈಯ ಮೇಲೆ ಬೋರಲು ಬಟ್ಟಲಿನಂತೆ ಕೂರುವ ತಗಡು. ಒಳಗೆ ಕೌದಿಯ ತುಂಡು. ಈ ಸಲ ಮೊನೆಯಿಂದಲೇ ಪರೀಕ್ಷಿಸಿದೆ. ಶೆಡ್ಡಿನಲ್ಲೇ ಅಂಥದ್ದೊಂದು ಗೂಟ ನೆಟ್ಟು ಅದರ ಮೇಲೆ ಎಷ್ಟು ಕುಕ್ಕಿದರೂ ತೂತಾಗಲಿಲ್ಲ, ಮೊನೆ ಸರ್ರನೆ ಜಾರಿ ಹೋಗುತ್ತಿತ್ತು. ಜಾರಿ ಎಲ್ಲಿಗೆ ಹೋಗುತ್ತಿದೆ ಎಂದು ನಾನು ನೋಡಲಿಲ್ಲ.

ಅದು ಮಣಿಕಟ್ಟಿಗೆ ಹೋಗುತ್ತಿತ್ತು. ಸಿದ್ದು ಹಾಕಿಕೊಂಡ ಎರಡನೇ ದಿನವೇ ಮಣಿಕಟ್ಟಿನ ಒಳಬದಿಗೆ ಉದ್ದಕ್ಕೆ ತರಚಿತು. ಗೌರಕ್ಕ ಫೋನು ಮಾಡಿದಳು.

"ಅಂಗೈ ಉಳಿತು ಕಣೋ. ನಾಡಿ ಹಿಡಿಯೋ ಜಾಗಕ್ ಬಂದದೆ. ಇನ್ನೇನಾರ ಓದಿದ್ದೀಯ?"

ಓದಿದ್ದೆ. ಅದೇ ತೊಂದರೆ. ಎದೆಯ ತಗಡಿನ ಮೇಲ್ಭಾಗದಲ್ಲಿ ಒಂದು ಅಡ್ಡ ಏಣು ಇಡುತ್ತಿದ್ದರು, ಜಾರಿದ ಮೊನೆ ಕುತ್ತಿಗೆಗೆ ಹೋಗದೆ ಅಲ್ಲೇ ತಡೆಯಲಿ ಎಂದು. ತಗಡಿನ ಅಂಚನ್ನು ಹೊರಕ್ಕೆ ಸುರುಳಿ ಮಾಡುತ್ತಿದ್ದರು. ತಗಡು ಮುಚ್ಚಲಾಗದ ಕಂಕುಳು, ಮೊಣಕೈ ಮಡಿಕೆಗೆ ಬಳೆಯ ತುಂಡುಗಳನ್ನು ಒಳಂಗಿಗೆ ಹೊಲಿಯುತ್ತಿದ್ದರು. ಬಳೆಯೋ ತಗಡೋ ಎಂದು ನಾನು ತರಗತಿಯಲ್ಲಿ ವಾದ ಮಾಡುತ್ತಿದ್ದೆ. ಯುದ್ಧಕ್ಕೆ ಹೋಗುವವರು ಎರಡನ್ನೂ ಹಾಕಿಕೊಂಡು ಹೋಗುತ್ತಿದ್ದರು. ಹಾಗೇ ಮಾಡಿದೆ. ಅಂಚಿಗೆ ಸುರುಳಿ, ಬುಡಕ್ಕೆ ಏಣು, ಮಣಿಕಟ್ಟಿಗೆ ಬಳೆ, ಈ ಸಲ ರಿವೆಟ್ಟು ಹಾಕಿ. ಬೆರಳುಗಳು ನೋಯುವ ತನಕ ಕೂತು ಮಾಡಿದೆ. ಅದು ಚೆಂದವಾಗಿತ್ತು. ಈಗಲೂ ಅದನ್ನು ನಾನು ಚೆಂದ ಎಂದೇ ಹೇಳುತ್ತೇನೆ.

ಸಿದ್ದು ಹಾಕಿಕೊಂಡ. ತಿಂಗಳುಗಳು ಕಳೆದವು. ಗಾಯದ ಸುದ್ದಿ ಇಲ್ಲ. ನಾನು ಆಗಾಗ ಮೊಪೆಡ್ಡಿನಲ್ಲಿ ಹೋಗಿ ನೋಡುತ್ತಿದ್ದೆ, ಪ್ರತಿ ಸಲ ಅವನ ಕೈಯಲ್ಲಿ ಕವಚ. ಗೌರಕ್ಕ ನೆಂಟರ ಮನೆಯಲ್ಲೆಲ್ಲ ಹೇಳಿಕೊಂಡು ಬಂದಳು, ನಮ್ ಪರಮೇಶ ಓದಿದ್ದು ಸಾರ್ಥಕವಾಯ್ತು ಎಂದು. ನಾನು ತರೀಕೆರೆಯ ತರಗತಿಯಲ್ಲಿ ಮೇಡಂಗೆ ಫೋಟೋ ತೋರಿಸಿದೆ. ಅವರು ಎಲ್ಲರೆದುರು ಚಪ್ಪಾಳೆ ಹೊಡೆಸಿದರು.

ಕಳೆದ ತಿಂಗಳು ಮೊಪೆಡ್ಡು ಕೈಕೊಟ್ಟು ಮೆಕ್ಯಾನಿಕ್ಕನ ಬಳಿ ಇತ್ತು. ಬಸ್ಸಿಗೆ ಹೋದೆ. ಅಜ್ಜಂಪುರದಲ್ಲಿ ಇಳಿದು ನಡೆದುಕೊಂಡು ಮಂಡಿಯ ಹಿಂದಿನಿಂದ, ಸಿಪ್ಪೆಯ ರಾಶಿಯ ಪಕ್ಕದಿಂದ ಬಂದೆ. ಸಿದ್ದು ಸುಲಿಯುತ್ತಿದ್ದ. ಎರಡೂ ಕೈ ಬರಿದು. ಕಾಯಿ ಅವನ ಅಂಗೈಯಲ್ಲಿ ತಿರುಗುತ್ತಿತ್ತು, ಮೊನೆಗೆ ತಾಗಿ ಬಿಚ್ಚಿಕೊಳ್ಳುತ್ತಿತ್ತು. ಅವಸರವಿಲ್ಲ, ಕೈ ಒಮ್ಮೆಯೂ ಮೊನೆಯ ನೇರಕ್ಕೆ ಬರುತ್ತಿರಲಿಲ್ಲ. ನನ್ನ ಕವಚ ಕಂಬದ ಮೊಳೆಗೆ ತೂಗುತ್ತಿತ್ತು.

ನಾನು ಹಿಂದಕ್ಕೆ ಹೋಗಿಬಿಡಬೇಕಿತ್ತು. ಅಷ್ಟರಲ್ಲಿ ಕರಿಯಪ್ಪ ನೋಡಿದ.

"ಲೇ ಸಿದ್ದ, ನಿಮ್ ಮಾವ ಕಣೋ. ಗಾಡಿ ಸದ್ದೇ ಬರ್ಲಿಲ್ವಲ್ಲೋ" ಅಂದ, ಮೆಲ್ಲಗೆ ಹೇಳುತ್ತಿದ್ದೇನೆ ಅಂದುಕೊಂಡು ಜೋರಾಗಿಯೇ.

ಸಿದ್ದು ತಿರುಗಿಯೂ ನೋಡದೆ ಮೊಳೆಯಿಂದ ಕವಚ ಎಳೆದು ಕೈಗೆ ತೂರಿಸಿದ. ಪಟ್ಟಿ ಬಿಗಿಯಲು ಪುರುಸೊತ್ತಾಗಲಿಲ್ಲ. ಮೊದಲಿನಿಂದ ಹಾಕಿಕೊಂಡಿದ್ದವನ ಹಾಗೆ ಕಾಯಿ ಎತ್ತಿ ಕುಕ್ಕಿದ. ತಗಡಿನ ಮೇಲೆ ಕಾಯಿ ಜಾರಿತು. ಮೊನೆ ಕಿರ್ರೆಂದು ತಗಡನ್ನು ಕೆರೆದು, ಏಣಿಗೆ ತಗುಲಿ ನಿಂತಿತು. ಏಣು ಕೆಲಸ ಮಾಡಿತು. ಆದರೆ ಪಟ್ಟಿ ಕಟ್ಟದ ಕವಚ ಪೂರ್ತಿ ತಿರುಗಿಕೊಂಡು ಹೆಬ್ಬೆರಳಿನ ಬುಡ ಬರಿದಾಯಿತು. ಹಳೆಯ ಹೊಲಿಗೆಯ ಕಲೆ ಮೊನೆಗೆ ಎದುರಾಗಿ ನಿಂತದ್ದನ್ನು ನಾನು ನಿಂತಲ್ಲಿಂದ ಕಂಡೆ. ತಾಗಲಿಲ್ಲ. ಅವನು ಕಾಯಿ ಬಿಟ್ಟುಬಿಟ್ಟಿದ್ದ, ಅದು ಉರುಳಿ ನನ್ನ ಕಾಲ ಹತ್ತಿರ ಬಂತು.

"ಬನ್ನಿ ಮಾವ, ಯಾವಾಗ್ ಬಂದ್ರಿ? ಬಸ್ಸಿಗಾ?" ಅಂದ. ಹಣೆಯಲ್ಲಿ ಬೆವರು.

"ಯಾವಾಗ್ಲೂ ಹಿಂಗೇನಾ?" ಅಂದೆ.

ಅವನು ತಲೆ ತಗ್ಗಿಸಿ ಪಟ್ಟಿ ಕಟ್ಟುತ್ತ ಕೂತ. "ಹಿಡ್ತ ಸಿಗಲ್ಲ ಮಾವ. ಅದಕ್ಕೇ. ನೀವ್ ಬಂದಾಗ ಹಾಕ್ಕಂತೀನಿ. ಅಷ್ಟ್ ಕಷ್ಟ ಪಟ್ಟಿದೀರಲ್ಲ."

ಆ ಕ್ಷಣದಲ್ಲಿ ಒಂದು ಚಿತ್ರ ನೆನಪಾಯಿತು, ಎಷ್ಟು ಸಲ ನೋಡಿದ್ದೆನೋ ಲೆಕ್ಕವಿಲ್ಲ. ಆ ಕಾಲದ ತಗಡಿನ ಕೈಗವಸು. ಬೆರಳಿನ ಹಿಂಬದಿಗೆ ಮೀನಿನ ಹುರುಪೆಯಂತೆ ಪದರ ಪದರ ಉಕ್ಕು, ಮುಂಗೈಗೆ ಕೊಳವೆಯಂತೆ ತಗಡು. ಅಂಗೈಯ ಕಡೆ ಬರೀ ತೊಗಲು. ಅದಕ್ಕೂ ಹಿಂದಿನ ಬಳೆಯ ಕೈಗವಸಿನಲ್ಲಿಯೂ ಅಂಗೈಗೆ ತೊಗಲೇ, ಬೇಕೆಂದಾಗ ಕೈ ಹೊರಗೆ ತೆಗೆಯಲು ಅಲ್ಲೇ ಒಂದು ಸೀಳು. ತಲೆಯಿಂದ ಕಾಲಿನವರೆಗೆ ಕಬ್ಬಿಣ ತುಂಬಿದವರೂ ಅಂಗೈಗೆ ಮಾತ್ರ ಕಬ್ಬಿಣ ಹಾಕಲಿಲ್ಲ. ಅಂಗೈ ಹಿಡಿಯುವ ಜಾಗ. ಹಿಡಿತ ಹೋದರೆ ಉಳಿದ ಕವಚವೆಲ್ಲ ಯಾತಕ್ಕೆ? ಆ ಚಿತ್ರವನ್ನು ನಾನು ಮುಂಬದಿಯಿಂದಲೂ ಹಿಂಬದಿಯಿಂದಲೂ ನೋಡಿ, ಉಕ್ಕನ್ನಷ್ಟೇ ಕಂಡಿದ್ದೆ.

ಇನ್ನೊಂದೂ ಅರ್ಥವಾಯಿತು. ಅವನ ಹೆಬ್ಬೆರಳಿಗೆ ಉಳಿದಿದ್ದ ದೊಡ್ಡ ಅಪಾಯ ಗೂಟವಲ್ಲ. ನಾನು ಬರುವುದು. ನನ್ನ ಗಾಡಿಯ ಸದ್ದು ಕೇಳಿದಾಗಲೆಲ್ಲ ಆ ಹುಡುಗ ನನ್ನ ಮರ್ಯಾದೆ ಉಳಿಸಲು ತನ್ನ ಕೈಯನ್ನು ಗೂಟಕ್ಕೆ ಒಡ್ಡುತ್ತಿದ್ದ.

"ಕೊಡು ಅದನ್ನ" ಅಂದೆ. "ಕಾಲೇಜಲ್ಲಿ ತೋರ್ಸಕ್ಕೆ ಬೇಕಂತೆ."

ಅವನು ಬಿಚ್ಚಿ ಕೊಟ್ಟ. ಮುಖ ಹಗುರವಾಯಿತು. ಅದನ್ನು ಮರೆಸಲು ಪಾಪ ಬೇರೆ ಕಡೆ ನೋಡಿದ.

"ಬೇಗ ತಂದ್ಕೊಡ್ಬೇಕು ಅಂತೇನಿಲ್ಲ ಮಾವ. ಅಲ್ಲೇ ಇರ್ಲಿ. ಓದೋ ಹುಡುಗ್ರಿಗೆ ಅನುಕೂಲ ಆಗ್ಲಿ."

"ಆಯ್ತು" ಅಂದೆ.

ಕರಿಯಪ್ಪನೂ ಆವತ್ತು ಕೀಟಲೆ ಮಾಡಲಿಲ್ಲ. ಒಂದು ಎಳನೀರು ಕೆತ್ತಿ ಕೊಟ್ಟ. ಕುಡಿದು ಬುರುಡೆಯನ್ನು ಸಿಪ್ಪೆಯ ರಾಶಿಗೆ ಎಸೆದೆ.

ಅಲ್ಲಿಂದ ಗೌರಕ್ಕನ ಮನೆಗೆ ಹೋದೆ. ಹೋಗದೆ ಬಂದರೆ ಅವಳಿಗೆ ಗೊತ್ತಾಗುತ್ತಿತ್ತು. ಕವಚವನ್ನು ಬಟ್ಟೆ ಚೀಲದಲ್ಲಿ ಹಾಕಿ ತೊಡೆಯ ಕೆಳಗೆ ಒತ್ತಿಕೊಂಡು ಕೂತೆ. ಅವಳು ಒಲೆಯ ಮುಂದೆ ರೊಟ್ಟಿ ತಟ್ಟುತ್ತ, ತಿರುಗದೆಯೇ ಕೇಳಿದಳು.

"ಮಂಡಿಗೆ ಹೋಗಿದ್ಯಾ? ಹಾಕ್ಕಂಡಿದ್ನಾ?"

"ಹೂಂ ಅಕ್ಕ" ಅಂದೆ. "ನಾನ್ ಹೋದಾಗ ಹಾಕ್ಕಂಡ."

ಅದು ಸುಳ್ಳಲ್ಲ. ಒಂದಕ್ಷರವೂ ಸುಳ್ಳಲ್ಲ. ಅವಳ ಭುಜ ಸ್ವಲ್ಪ ಇಳಿಯಿತು, ಭಾರ ಇಳಿಸಿಟ್ಟವರ ಹಾಗೆ.

"ನೀನ್ ಅದನ್ನ ಮಾಡ್ದಾಗಿಂದ ನಂಗೆ ನಿದ್ದೆ ಬತ್ತದೆ ಕಣೋ" ಅಂದಳು. ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಇಟ್ಟು ನನ್ನ ತಟ್ಟೆಗೆ ಹಾಕಿದಳು. ನಾನು ತಿಂದೆ. ಇನ್ನೊಂದು ಹಾಕಿದಳು. ಅದನ್ನೂ ತಿಂದೆ. ಸಾಕು ಅನ್ನಲೂ ಯೋಗ್ಯತೆ ಬೇಕು, ಅದು ನನಗಿರಲಿಲ್ಲ.

ಸಿದ್ದುವಿನ ಹೆಬ್ಬೆರಳು ಇವತ್ತಿಗೂ ಚೆನ್ನಾಗಿ ಮಡಚುತ್ತದೆ. ನಾನು ಮಂಡಿಗೆ ಹೋಗುವುದನ್ನು ಬಿಟ್ಟಿದ್ದೇನೆ.

ನಿಮಗೂ ಹೀಗಾಗಿದೆಯೇ? ನೀವು ಪ್ರೀತಿಯಿಂದ ಮಾಡಿಕೊಟ್ಟದ್ದನ್ನು ಯಾರೋ ನಿಮ್ಮ ಮುಖ ನೋಡಿ ತೊಟ್ಟುಕೊಂಡು, ನೀವು ಹೋದ ಮೇಲೆ ಬಿಚ್ಚಿಟ್ಟದ್ದು ನಿಮ್ಮ ಕಣ್ಣಿಗೆ ಬಿದ್ದಿದೆಯೇ? ಬಿದ್ದಾಗ ಏನು ಮಾಡಿದಿರಿ? ಮನೆಯವರಿಗೆ ಏನು ಹೇಳಿದಿರಿ? ದಯವಿಟ್ಟು ಬರೆದು ತಿಳಿಸಿ. ತಡವಾಗಿ ಓದುತ್ತೇನೆ, ಆದರೆ ಪೂರ್ತಿ ಓದುತ್ತೇನೆ.